ಜಿಪ್‌ನಿಂದ ತೆಗೆದ ಒಂದೇ ಅಂಚು

ನಾರಾಯಣಪೇಟೆಯ ಸೀರೆ ಅಂಗಡಿಯೊಂದರಲ್ಲಿ ನಾನು ಕಂಪ್ಯೂಟರ್‌ನಲ್ಲಿ ಅಂಚಿನ ವಿನ್ಯಾಸ ಬಿಡಿಸುತ್ತಿದ್ದೆ. ಹಳೆಯ ವಿನ್ಯಾಸಗಳನ್ನೆಲ್ಲ ಒಂದು ದೊಡ್ಡ ಜಿಪ್ ಫೈಲಿನಲ್ಲಿ ಕಟ್ಟಿಟ್ಟವಳೂ ನಾನೇ. ಒಂದು ಮಧ್ಯಾಹ್ನ ಗದ್ವಾಲದ ನೇಕಾರರೊಬ್ಬರು ಬಂದು, ನಾನು ಹಿಂದೆ ಬಿಡಿಸಿದ್ದ ಗೋಪುರದ ಅಂಚನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುವಂತೆ ಕೇಳಿದರು. ನಾನು ಇಡೀ ಜಿಪ್ ಬಿಚ್ಚಲು ಹೊರಟೆ. ಡಿಸ್ಕಿನಲ್ಲಿ ಜಾಗ ಸಾಲದೆ ಕೆಲಸ ನಡುವೆಯೇ ನಿಂತಿತು. ನೇಕಾರರು ಬಸ್ಸಿಗೆ ಹೊತ್ತಾಯಿತೆಂದು ಚಡಪಡಿಸಿದರು.

ಮಕ್ತಲದಿಂದ ಹೊಸದಾಗಿ ಕೆಲಸಕ್ಕೆ ಬಂದಿದ್ದವಳು ನನ್ನ ಪಕ್ಕಕ್ಕೆ ಬಂದಳು.

"ಎಲ್ಲಾ ಯಾಕ ಬಿಚ್ತೀರಿ ಅಕ್ಕಾ? ಒಂದೇ ತೆಗಿಯಾಕ ಬರ್ತೈತಿ."

ಅವಳು ಜಿಪ್ ಮೇಲೆ ಡಬಲ್ ಕ್ಲಿಕ್ ಮಾಡಿದಳು. ಒಳಗಿನ ಫೈಲುಗಳ ಹೆಸರುಗಳು ಸಾಲಾಗಿ ಕಂಡವು. ನಾನು ತೋರಿಸಿದ ಗೋಪುರದ ಅಂಚನ್ನಷ್ಟೇ ಹಿಡಿದು ಪೆನ್‌ಡ್ರೈವ್‌ಗೆ ಎಳೆದು ಬಿಟ್ಟಳು. ಮಿಕ್ಕವು ಇದ್ದಲ್ಲೇ ಉಳಿದವು.

"ಭಾಳ ಶಾಣ್ಯಾ ಅದಾಳ್ರೀ ಈಕಿ," ಎಂದರು ನೇಕಾರರು. ಮಾಲೀಕರೂ ತಲೆಯಾಡಿಸಿದರು. ಅಂಚು ಬಿಡಿಸಿದವಳು ಯಾರೆಂದು ಒಬ್ಬರೂ ಕೇಳಲಿಲ್ಲ. ನನ್ನ ಹೊಟ್ಟೆ ಉರಿಯಿತು.

ಅಂದಿನಿಂದ ಹಳೆಯ ವಿನ್ಯಾಸ ಬೇಕಾದಾಗೆಲ್ಲ ಮಾಲೀಕರು ಅವಳನ್ನೇ ಕರೆಯುತ್ತಾರೆ. ಅವಳು ಮೆಲ್ಲಗೆ ನನ್ನತ್ತ ಬಾಗಿ, "ಯಾವ ಫೈಲ್‌ರೀ ಅಕ್ಕಾ?" ಎನ್ನುತ್ತಾಳೆ. ನಾನು ಹೆಸರು ಹೇಳುತ್ತೇನೆ. ಹೊಗಳಿಕೆ ಅವಳಿಗೇ ಹೋಗುತ್ತದೆ.