ಪರಮಶಿವಪ್ಪನ ‘ಬರ್ತೀನಿ ಕಣ್ರಪ್ಪ’

ಶಿಕಾರಿಪುರದ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳ ಏಜೆಂಟನಾಗಿದ್ದ ಪರಮಶಿವಪ್ಪ ಗದರಿದರೆ ಕೆಟ್ಟು ನಿಂತ ಬಸ್ಸೂ ಸ್ಟಾರ್ಟ್ ಆಗುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಬಸ್ಸು ಚೂರು ತಡವಾದರೆ ಸಾಕು, ಡ್ರೈವರು ಕಂಡಕ್ಟರುಗಳ ಮೂರು ತಲೆಮಾರನ್ನೂ ಜಾಲಾಡುತ್ತಿದ್ದ. ಈಗ ಆ ಕೆಲಸ ಬಿಟ್ಟು ಸೊರಬದಲ್ಲಿ ಭಾವಮೈದುನನ ಟೈರ್ ಅಂಗಡಿಯಲ್ಲಿ ಕೂರಲು ಹೊರಟಿದ್ದ. ಹೋಗುವಾಗ ಒಬ್ಬರಾದರೂ ‘ನಿಮ್ಮನ್ನ ನೆನೆಸ್ಕೋತೀವಿ’ ಅನ್ನಲಿ ಎಂಬ ಆಸೆ ಒಳಗೇ ಇತ್ತು. ಬಾಯಿಬಿಟ್ಟು ಕೇಳಲು ಮಾತ್ರ ಬಿಗುಮಾನ.

ಸೊರಬದ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು, ಕೆಲಸದವರ ವಾಟ್ಸಾಪ್ ಗ್ರೂಪಿಗೆ ಒಂದೊಂದೇ ಅಕ್ಷರ ಹುಡುಕಿ ಬರೆದ:

“ಎಲ್ರಿಗೂ ನಮಸ್ಕಾರ. ಇವತ್ತಿಗೆ ನಂದು ಮುಗೀತು. ಬೈದಿದ್ದೆಲ್ಲ ಬಸ್ಸಿನ ಟೈಮಿಗೋಸ್ಕರ, ಮನಸ್ಸಲ್ಲಿ ಇಟ್ಕೋಬೇಡಿ. ಸೊರಬಕ್ಕೆ ಬಂದ್ರೆ ಚಾ ನಂದು. ಬರ್ತೀನಿ ಕಣ್ರಪ್ಪ.”

ಕಳಿಸಿದ. ಎರಡು ಗೀಟು ಬಿದ್ದವು, ನೀಲಿಯಾದವು. ಉತ್ತರವಿಲ್ಲ. ಮೆಸೇಜನ್ನು ಒತ್ತಿ ಹಿಡಿದು, ಓದಿದವರು ಯಾರೆಂದು ನೋಡಿದ. ಡ್ರೈವರ್ ಚೌಡೇಶ್, ಕಂಡಕ್ಟರ್ ಸುರೇಶ, ಬುಕಿಂಗ್ ಆಫೀಸಿನ ಶ್ರೀಲತಾ, ಒಬ್ಬರೂ ಬಾಕಿಯಿಲ್ಲ! ಶಿರಾಳಕೊಪ್ಪ ಬಂತು. ಗ್ರೂಪು ಗಪ್‌ಚುಪ್. ಪರಮಶಿವಪ್ಪನ ತಲೆ ಬಾಯ್ಲರಿನಂತೆ ಕುದಿಯಿತು.

“ಓದೀರಿ ಅಂತ ಗೊತ್ತು ಕಣ್ರೋ! ಬಾಯಿಗೆ ಟ್ಯೂಬ್ ತುರುಕಿದಾರಾ? ಚಾ ಕ್ಯಾನ್ಸಲ್!”

ಮರುಗಳಿಗೆಯಲ್ಲೇ ಚೌಡೇಶನ ಫೋನು.

“ಏನ್ರೀ ಏಜೆಂಟ್ರೇ, ಬೀಗ ಜಡಿದು ಕೀಲಿ ಜೇಬಲ್ಲಿಟ್ಕೊಂಡು, ಒಳಗಿದ್ದೋರಿಗೆ ಯಾಕೆ ಹೊರಗೆ ಬರ್ಲಿಲ್ಲ ಅಂತೀರಲ್ಲ!”

“ಯಾವ ಬೀಗನೋ?”

“ಗ್ರೂಪಿಂದು ರೀ! ನಾನು ದಿನಾ ಬೆಳಿಗ್ಗೆ ಹೂವಿನ ಫೋಟೋ ಹಾಕ್ತೀನಿ, ಬಸ್ಸಿನ ಸುದ್ದಿ ಕಾಣಲ್ಲ ಅಂತ ಸಿಟ್ಟಿಗೆದ್ದು, ಅಡ್ಮಿನ್ ಮಾತ್ರ ಮೆಸೇಜ್ ಹಾಕ್ಬೇಕು ಅಂತ ಮಾಡಿದ್ರಲ್ಲ. ಅಡ್ಮಿನ್ ನೀವೊಬ್ರೇ. ನಾವು ಎಲ್ಲಿ ಬರೀಬೇಕು, ಬಸ್ಸಿನ ಗಾಜಿನ ಮೇಲಾ?”

ಪರಮಶಿವಪ್ಪ ಫೋನಿಟ್ಟ. ಎರಡನೆಯ ಮೆಸೇಜನ್ನು ಎಲ್ಲರ ಫೋನಿನಿಂದಲೂ ಅಳಿಸಿದ. ‘ಅಳಿಸಲಾಗಿದೆ’ ಎಂಬ ಸಾಲು ಮಾತ್ರ ಅಣಕಿಸುತ್ತ ಉಳಿಯಿತು. ಗ್ರೂಪಿನ ಸೆಟ್ಟಿಂಗಿಗೆ ಹೋಗಿ, ಎಲ್ಲರೂ ಬರೆಯಬಹುದು ಎಂದು ಬದಲಿಸಿದ್ದೇ ತಡ, ಫೋನು ಗುಯ್‌ಗುಡತೊಡಗಿತು.

ಚೌಡೇಶ್ ಗುಲಾಬಿ ಹೂ ಕಳಿಸಿದ. ಸುರೇಶ ಬರೆದ: “ಅಳಿಸಿದ್ರೆ ಆಯ್ತಾ? ಸ್ಕ್ರೀನ್‌ಶಾಟ್ ಐತಿ. ಚಾ ಜೊತೆ ಈಗ ಮಂಡಕ್ಕಿ ಮಿರ್ಚಿನೂ ಆಗ್ಬೇಕು.”

ಕೊನೆಗೆ ಶ್ರೀಲತಾ: “ಅಣ್ಣ, ನಾಳೆಯಿಂದ ಬಸ್ ತಡ ಆದ್ರೆ ನಮ್ಮನ್ನ ಬಯ್ಯೋರು ಯಾರು? ಈಗ್ಲೇ ನಿಲ್ದಾಣ ಬಿಕೋ ಅಂತಿದೆ.”

ಅದನ್ನು ಮತ್ತೆ ಮತ್ತೆ ಓದಿದ. ಪಕ್ಕದವರು ನೋಡಿದಾಗ ಕಣ್ಣಿಗೆ ಧೂಳು ಬಿತ್ತೆಂದು ಕಿಟಕಿ ಎಳೆದ. ಶ್ರೀಲತಾಳನ್ನು ಅಡ್ಮಿನ್ ಮಾಡಿದ. ಗ್ರೂಪು ಬಿಡುವ ಗುಂಡಿಯವರೆಗೂ ಹೋದ ಬೆರಳು ಅಲ್ಲೇ ನಿಂತಿತು.

ಮರುದಿನ ಬೆಳಿಗ್ಗೆ ಗ್ರೂಪಿನಲ್ಲಿ ಮೊದಲ ಮೆಸೇಜು ಸೊರಬದಿಂದಲೇ ಬಂತು: “ಲೇ ಚೌಡೇಶ, ಬಸ್ ಇನ್ನೂ ಇಲ್ಲಿಗೆ ಬಂದಿಲ್ಲ. ಎಲ್ಲಿ ಸತ್ತೀಯೋ?”