ಎರಡನೇ ಸಲ ಹಸಿರಾದ ಬಿಲ್ಡ್

ಮಧ್ಯಾಹ್ನ ಕೆಂಪಾಗಿದ್ದ ಬಿಲ್ಡ್ ಎರಡನೇ ಸಲ ಓಡಿಸಿದಾಗ ಹಸಿರಾದದ್ದು ಹೇಗೆಂಬ ಚಿಂತೆ, ಮಗುವಿಗೆ ತುತ್ತಿಡುವಾಗಲೂ ನನ್ನನ್ನು ಬಿಡಲಿಲ್ಲ.

ಮಕ್ಕಳ ತೂಕಕ್ಕೆ ತಕ್ಕ ಔಷಧಿಯ ಪ್ರಮಾಣವನ್ನು ಆಸ್ಪತ್ರೆಗಳಿಗೆ ತಿಳಿಸುವ ತಂತ್ರಾಂಶ ನಮ್ಮದು. ಯಾರಾದರೂ ಕೋಡ್ ಸೇರಿಸಿದೊಡನೆ, ಅದನ್ನು ಜೋಡಿಸಿ ಪರೀಕ್ಷಿಸುವ ಬಿಲ್ಡ್ ತಾನೇ ಶುರುವಾಗುತ್ತದೆ; ಎಲ್ಲ ಸರಿಯಿದ್ದರೆ ಹಸಿರು. ಅದರಲ್ಲಿ ಒಂದೇ ಒಂದು ಪರೀಕ್ಷೆ ಫೇಲಾದರೂ ಬಿಲ್ಡ್ ಕೆಂಪಾಗಿ, ಕೋಡ್ ಸೇರಿಸಿದವರ ಫೋನ್ ಬಡಿದುಕೊಳ್ಳುತ್ತದೆ.

ಈ ಏರ್ಪಾಡು ಮಾಡಿದವರು ನಮ್ಮ ತಂಡದ ದೊಡ್ಡಕ್ಕ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವರು. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡೇ ಹುಡುಕುತ್ತಾರೆ, ಆದರೆ ಕೋಡಿನಲ್ಲಿ ಒಂದು ಚುಕ್ಕೆ ತಪ್ಪಿದರೂ ಬಿಡುವವರಲ್ಲ. ಒಮ್ಮೆ ಮ್ಯಾನೇಜರ್ ಕೂಗಾಡಿದರೂ ಜಗ್ಗದೆ ಎರಡು ದಿನ ತಂತ್ರಾಂಶದ ಬಿಡುಗಡೆ ತಡೆದಿದ್ದರು. ನಮಗೆ ಹೇಳುವುದು ಒಂದೇ ಮಾತು: "ಸುಮ್ನೆ ಮತ್ತೆ ಓಡಿಸಿ ಹಸಿರು ಮಾಡ್ಬೇಡ ಕಣೇ. ಜ್ವರ ಬಂದ್ರೆ ಥರ್ಮಾಮೀಟರ್ ಒದರಿದ್ರೆ ಹೋಗುತ್ತಾ? ಯಾಕೆ ಫೇಲಾಯ್ತು ಅಂತ ನೋಡು."

ಇಂದು ಮನೆಯಿಂದಲೇ ಕೆಲಸ. ಫೋನ್ ಬಡಿದುಕೊಂಡಾಗ ಮಗು ಚೀರಿ ಚೀರಿ ಅಳುತ್ತಿತ್ತು. ಏನು ಫೇಲಾಯಿತೆಂದು ಓದದೆ ಮತ್ತೆ ಓಡಿಸಿದೆ. ಹಸಿರಾಯಿತು. ನಾಲ್ಕು ಗಂಟೆಗೆ ಆಸ್ಪತ್ರೆಗಳಿಗೆ ಹೋಗಲಿರುವ ಬಿಡುಗಡೆಗೆ ನನ್ನ ಕೋಡೂ ಸೇರಿಕೊಂಡಿತು.

ಈಗ ಮೊದಲ ಸಲದ ಲಾಗ್, ಅಂದರೆ ಆ ಪರೀಕ್ಷೆಗಳ ದಾಖಲೆ, ತೆರೆದು ಓದಿದೆ. ಪರೀಕ್ಷೆಯಲ್ಲಿ ಇಬ್ಬರು ರೋಗಿಗಳ ಲೆಕ್ಕ ಒಂದೇ ಕ್ಷಣದಲ್ಲಿ ನಡೆದು ಕಲಸಿಹೋಗಿ, ನಾಲ್ಕು ಕಿಲೋ ಕೂಸಿಗೆ ನಲವತ್ತು ಕಿಲೋ ಹುಡುಗನ ಔಷಧಿ ಬಂದಿತ್ತು. ಎರಡನೇ ಸಲ ಆ ಲೆಕ್ಕಗಳು ಒಂದಾದ ಮೇಲೊಂದು ನಡೆದಿದ್ದವು, ಅಷ್ಟೇ; ತಪ್ಪು ಹಾಗೇ ಇತ್ತು.

ಗಂಟೆ ಮೂರೂ ಐವತ್ತು. ಬೈಗುಳ ಖಂಡಿತ. ಮಡಿಲಲ್ಲಿದ್ದ ಮಗು ನನ್ನ ಬೆರಳು ಹಿಡಿದೆಳೆಯಿತು. ಇನ್ನೊಂದು ಕೈಯಿಂದ ದೊಡ್ಡಕ್ಕನ ನಂಬರ್ ಒತ್ತಿದೆ.

"ಅಕ್ಕಾ, ನಾಲ್ಕು ಗಂಟೆದು ನಿಲ್ಸಿ. ತಪ್ಪು ನಂದು. ಆಮೇಲೆ ಎಷ್ಟು ಬೇಕಾದ್ರೂ ಬೈರಿ, ಮೊದ್ಲು ನಿಲ್ಸಿ."