ಪದಗಳ ನಡುವಿನ ತೆರಪು

ಬಸವನಗುಡಿಯಲ್ಲಿ ನನ್ನ ಬಳಿ ಕನ್ನಡ ಕಲಿಯುತ್ತಿದ್ದ ಮಣಿಪುರದ ನರ್ಸ್ ಒಂದು ಸಂಜೆ ಚಡಪಡಿಸುತ್ತ ಬಂದಳು. "ಪೇಷೆಂಟ್‌ಗಳು ಪದ ಬಿಡಿಸಿ ಮಾತಾಡಲ್ಲ ಮೇಡಂ. 'ವಾಗ್ತಿದೆ' ಅಂದ್ರೇನು?"

ಬಿಡಿಸಿಯೇ ಮಾತಾಡುತ್ತೇವೆಂದು ವಾದಿಸಿದೆ. ತೋರಿಸಲೆಂದು "ಹೊಟ್ಟೆ ನೋವಾಗ್ತಿದೆ" ಎಂದು ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿದೆ. ತೆರೆಯ ಮೇಲೆ ಮೂಡಿದ ಧ್ವನಿಯ ಗೆರೆಯಲ್ಲಿ ಪದಗಳ ನಡುವೆ ತೆರಪೇ ಇರಲಿಲ್ಲ. ಮೌನವಿದ್ದದ್ದು 'ಹೊಟ್ಟೆ'ಯ ಒಳಗೆ, 'ಟ್ಟೆ' ಎನ್ನಲು ನಾಲಿಗೆ ಉಸಿರನ್ನು ತಡೆದ ಕಡೆ. ಇಷ್ಟು ವರ್ಷ ಕೇಳಿಸಿದ ತೆರಪೆಲ್ಲ ನನ್ನ ತಲೆಯೊಳಗಿನದೇ ಎಂದು ಕಸಿವಿಸಿಯಾಯಿತು.

ಪುಸ್ತಕ ಮುಚ್ಚಿ, ಮನೆಯವರೊಡನೆ ಆಡುವಂತೆ ಸರಾಗವಾಗಿ ಹೇಳತೊಡಗಿದೆ: ನೋವಾಗ್ತಿದೆ, ಸುಸ್ತಾಗ್ತಿದೆ, ಸಂಕಟಾಗ್ತಿದೆ. ಮತ್ತೆ ಮತ್ತೆ ಕೇಳಿದ ಮೇಲೆ ಅವಳೇ ತಡೆದಳು.

"ಎಲ್ಲದ್ರಲ್ಲೂ 'ಆಗ್ತಿದೆ' ಬರ್ತಿದೆ!"

ಮರುವಾರ ಅವಳು ಹೇಳಿದಳು: "ಒಬ್ರು ಅಜ್ಜಿ 'ಭಯಾಗ್ತಿದೆ' ಅಂತಿದ್ರು. 'ಆಗ್ತಿದೆ' ತೆಗೆದೆ, 'ಭಯ' ಉಳೀತು. ಕೈ ಹಿಡ್ಕೊಂಡು ಕೂತೆ, ಮೇಡಂ."